ಕೈಗೆ ಕೊಟ್ಟದ್ದಷ್ಟೇ ಸಂಬಳವಲ್ಲ: ಪಿ.ಎಫ್., ಕಡಿತ, ಟಿ.ಡಿ.ಎಸ್. ಸಹಿತ ಸಂಬಳದ ಲೆಕ್ಕ ಬರೆಯುವ ಕ್ರಮ



ನಾನು ಅಕೌಂಟ್ಸ್ ಓದಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗಲ್ಲಾದಲ್ಲಿ ಕೂತವನು. ಬೇಗಂ ಬಜಾರಿನಲ್ಲಿ ನಮ್ಮ ಹೋಟೆಲಿನ ಸುತ್ತ ಇರುವ ಪಾತ್ರೆ ಅಂಗಡಿ, ಒಣಹಣ್ಣಿನ ಅಂಗಡಿಯ ಮಾರ್ವಾಡಿ ಸೇಟುಗಳು ಕೆಂಪು ರಟ್ಟಿನ ಪುಸ್ತಕದಲ್ಲಿ ಒಂದು ರೂಪಾಯಿ ಬಿಡದೆ ಬರೆಯುವುದನ್ನು ನೋಡಿ ನೋಡಿ ಕಿರ್ದಿ ಬರೆಯಲು ಕಲಿತೆ. ಆದರೂ ಸಂಬಳದ ಲೆಕ್ಕವನ್ನು ಬಹಳ ವರ್ಷ ತಪ್ಪಾಗಿಯೇ ಬರೆದೆ. ಆ ತಪ್ಪು ನಮ್ಮಲ್ಲಿ ಇನ್ನೂ ಕೆಲವರು ಮಾಡುತ್ತಿರುವುದರಿಂದ ಈ ಲೇಖನ.

ತಪ್ಪು ಏನೆಂದರೆ, ಗಲ್ಲಾದಿಂದ ಎಷ್ಟು ಹಣ ಹೊರಗೆ ಹೋಯಿತೋ ಅಷ್ಟನ್ನೇ "ಸಂಬಳ" ಎಂದು ಬರೆಯುವುದು. ಅಡಿಗೆಯವರಿಗೆ 18,000 ರೂಪಾಯಿ ಸಂಬಳ, ಎಲ್ಲಾ ಹಿಡಿದು ಕೈಗೆ 13,915 ಕೊಟ್ಟೆ, ಪುಸ್ತಕದಲ್ಲಿ 13,915 ಬರೆದೆ. ಮುಂದಿನ ತಿಂಗಳು ಪಿ.ಎಫ್. ಚಲನ್ ಕಟ್ಟಿದ ದಿನ "ಪಿ.ಎಫ್. ಖರ್ಚು" ಎಂದು ಇನ್ನೊಂದು ಸಾಲು ಬರೆದೆ. ಕಟ್ಟುವ ತನಕ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಟ್ಟದೆ ಇದ್ದರೆ? ಪುಸ್ತಕದಲ್ಲಿ ಆ ಸಾಲು ಬರುವುದೇ ಇಲ್ಲ. ಕಟ್ಟಬೇಕಾದ ಹಣ ಬಾಕಿ ಇದೆ ಎಂದು ಪುಸ್ತಕ ನಮಗೆ ಹೇಳುವುದೇ ಇಲ್ಲ.

ನನಗೆ ಬಿದ್ದ ಪೆಟ್ಟು

2016ರ ನವೆಂಬರಿನಲ್ಲಿ ನೋಟು ರದ್ದಾಯಿತು. ನಮ್ಮ ಬಜಾರಿನ ವ್ಯಾಪಾರ ಹೆಚ್ಚಿನದು ನಗದಿನದು. ಎರಡು ತಿಂಗಳು ಗಿರಾಕಿ ಅರ್ಧ. ಆದರೂ ಹುಡುಗರ ಸಂಬಳ ನಿಲ್ಲಿಸಲಿಲ್ಲ. ಪಿ.ಎಫ್. ಹಿಡಿದುಕೊಂಡೇ ಕೊಟ್ಟೆ. ಹಿಡಿದ ಹಣ ಗಲ್ಲಾದಲ್ಲೇ ಇತ್ತು. ಅದು ದಿನಸಿ ಅಂಗಡಿಯವರ ಬಾಕಿಗೆ, ಗ್ಯಾಸಿಗೆ ಹೋಯಿತು. ಆ ಎರಡು ತಿಂಗಳ ಚಲನ್ ಉಳಿಯಿತು. ಜನವರಿಯಿಂದ ಮತ್ತೆ ಕ್ರಮವಾಗಿ ಕಟ್ಟುತ್ತಾ ಬಂದೆ, ಹಿಂದಿನದು ಮರೆತೇ ಹೋಯಿತು.

2017ರಲ್ಲಿ ನಮ್ಮ ಹಳೆಯ ಅಡಿಗೆ ಭಟ್ಟರು ಕೆಲಸ ಬಿಟ್ಟು ಕುಂದಾಪುರಕ್ಕೆ ಹೋದರು. ಅಲ್ಲಿಂದ ಫೋನು ಮಾಡಿ, "ಧಣಿ, ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳು ಖಾಲಿ ಉಂಟು. ನೀವು ಸಂಬಳದಲ್ಲಿ ಹಿಡಿದಿದ್ದಿರಲ್ಲ?" ಎಂದರು. ನಾನು ಪುಸ್ತಕ ತೆಗೆದು ನೋಡಿದರೆ ಹಿಡಿದದ್ದೂ ಇಲ್ಲ, ಬಾಕಿಯೂ ಇಲ್ಲ. ಕೈಗೆ ಕೊಟ್ಟ ಮೊತ್ತ ಮಾತ್ರ ಇತ್ತು. ಭಟ್ಟರ ಹತ್ತಿರ ಇದ್ದ ಚೀಟಿಯಿಂದಲೇ ನನ್ನ ಸಾಲ ನನಗೆ ಗೊತ್ತಾದದ್ದು. ಎಲ್ಲರ ಎರಡು ತಿಂಗಳ ಹಣವನ್ನು ವರ್ಷಕ್ಕೆ ಶೇ. 12 ಬಡ್ಡಿ ಮತ್ತು ದಂಡ ಸೇರಿಸಿ ಕಟ್ಟಿದೆ. ಬಡ್ಡಿಗಿಂತ ಆ ಫೋನು ಹೆಚ್ಚು ನೋವು ಕೊಟ್ಟಿತು.

ಆ ಮೇಲೆ ಆಡಿಟರ ಹತ್ತಿರ ಕೂತು ಕಲಿತ ಕ್ರಮವನ್ನು 2025ರ ಜೂನ್ ತಿಂಗಳ ಸಂಬಳದ ಉದಾಹರಣೆಯಿಂದ ಹೇಳುತ್ತೇನೆ.

ಮೊದಲ ಸಾಲು: ಪೂರ್ತಿ ಸಂಬಳ ಖರ್ಚಿಗೆ, ಹಿಡಿದದ್ದೆಲ್ಲ ಬಾಕಿಗೆ

ಒಬ್ಬ ಅಡಿಗೆಯವರ ಮೂಲ ಸಂಬಳ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ. ಬೇರೆ ಭತ್ಯೆ ಇಲ್ಲ. ಜೂನ್ 12ರಂದು ಊರಿಗೆ ಕಳಿಸಲು 2,000 ರೂಪಾಯಿ ಮುಂಗಡ ತೆಗೆದುಕೊಂಡಿದ್ದರು. ನಮ್ಮಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರುವುದರಿಂದ ಪಿ.ಎಫ್. ಉಂಟು. ಇ.ಎಸ್.ಐ.ಗೆ ಹತ್ತು ಜನ ಸಾಕು.

ಅವರ ಸಂಬಳದಲ್ಲಿ ಹಿಡಿಯಬೇಕಾದದ್ದು ಹೀಗೆ. ಪಿ.ಎಫ್. ಶೇ. 12, ಆದರೆ 1 ಸೆಪ್ಟೆಂಬರ್ 2014ರಿಂದ ಇರುವ ಮಿತಿ 15,000 ರೂಪಾಯಿಯಾದ್ದರಿಂದ ನಾವು ಅಷ್ಟಕ್ಕೇ ಕಟ್ಟುತ್ತೇವೆ, ಅಂದರೆ 1,800. ಇ.ಎಸ್.ಐ. 21,000ದವರೆಗಿನ ಸಂಬಳಕ್ಕೆ; ನೌಕರರ ಪಾಲು ಶೇ. 0.75, ಪೂರ್ತಿ 18,000ಕ್ಕೆ 135. ತೆಲಂಗಾಣದ ವೃತ್ತಿ ತೆರಿಗೆ 15,000ದ ಮೇಲೆ 20,000ದವರೆಗೆ 150, ಅದರ ಮೇಲೆ 200. (ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ, ಅಲ್ಲಿಯ ಸದಸ್ಯರು ಈ ಸಾಲು ಬಿಡಬೇಕು.) ಜೊತೆಗೆ ಮುಂಗಡದ 2,000. ಒಟ್ಟು ಕಡಿತ 4,085. ಕೈಗೆ 13,915.

ಜೂನ್ 30ರಂದು, ಹಣ ಕೊಡುವ ಮೊದಲೇ, ಹೀಗೆ ಬರೆಯಬೇಕು:

ಸಂಬಳ ಖರ್ಚು — ಡೆಬಿಟ್ 18,000
ಪಿ.ಎಫ್. ಬಾಕಿ — ಕ್ರೆಡಿಟ್ 1,800
ಇ.ಎಸ್.ಐ. ಬಾಕಿ — ಕ್ರೆಡಿಟ್ 135
ವೃತ್ತಿ ತೆರಿಗೆ ಬಾಕಿ — ಕ್ರೆಡಿಟ್ 150
ನೌಕರರ ಮುಂಗಡ — ಕ್ರೆಡಿಟ್ 2,000
ಸಂಬಳ ಬಾಕಿ — ಕ್ರೆಡಿಟ್ 13,915

ಇಲ್ಲಿ ಗಮನಿಸಬೇಕಾದ ವಿಷಯ ಒಂದೇ. ನಮ್ಮ ಖರ್ಚು 18,000. ಕೈಗೆ ಕೊಟ್ಟ 13,915 ಅಲ್ಲ. ಹಿಡಿದ 1,800 ಅಡಿಗೆಯವರ ಸ್ವಂತ ಹಣ. ಅದು ನಮ್ಮ ಗಲ್ಲಾದಲ್ಲಿ ಕೆಲವು ದಿನ ಕೂತಿರುತ್ತದೆ ಅಷ್ಟೆ. ಅದನ್ನು ಬಾಕಿ ಎಂದು ಬರೆದರೆ, ಕಟ್ಟುವ ತನಕ ಪುಸ್ತಕ ಸಾಲ ತೋರಿಸುತ್ತಲೇ ಇರುತ್ತದೆ. 2016ರಲ್ಲಿ ನಾನು ಹೀಗೆ ಬರೆದಿದ್ದರೆ ಮಾರ್ಚಿನ ಲೆಕ್ಕದಲ್ಲೇ ಸಿಕ್ಕಿಬೀಳುತ್ತಿತ್ತು.

ಮುಂಗಡದ ಸಾಲು ಕೂಡ ಹೀಗೆಯೇ. ಜೂನ್ 12ರಂದು ಕೊಟ್ಟ 2,000ವನ್ನು ಆ ದಿನ "ಸಂಬಳ" ಎಂದು ಬರೆದು, 30ರಂದು ಪೂರ್ತಿ 18,000 ಮತ್ತೆ ಸಂಬಳ ಎಂದು ಬರೆದರೆ ಖರ್ಚು 20,000 ಆಗುತ್ತದೆ. ಕೊಟ್ಟ ದಿನ ಅದನ್ನು "ನೌಕರರ ಮುಂಗಡ" ಖಾತೆಗೆ ಡೆಬಿಟ್ ಹಾಕಬೇಕು; ಹಿಡಿದ ದಿನ ಅದೇ ಖಾತೆಗೆ ಕ್ರೆಡಿಟ್. ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ ಇಟ್ಟರೆ ಯಾರ ಹತ್ತಿರ ಎಷ್ಟು ಉಳಿದಿದೆ ಎಂದು ಜಗಳವಿಲ್ಲದೆ ತಿಳಿಯುತ್ತದೆ. ಎಲ್ಲಾ ಕಡಿತ ಸೇರಿ ಸಂಬಳದ ಅರ್ಧ ಮೀರಬಾರದು. ದೊಡ್ಡ ಮುಂಗಡವಾದರೆ ಕಂತಿನಲ್ಲಿ ಹಿಡಿಯಿರಿ.

ಎರಡನೆಯ ಸಾಲು: ಮಾಲೀಕರ ಪಾಲು

ಇದು ಮೇಲಿನ 18,000ದ ಒಳಗಿನದಲ್ಲ, ಅದರ ಮೇಲಿನ ಖರ್ಚು. ಪಿ.ಎಫ್.ನಲ್ಲಿ ನಮ್ಮ ಪಾಲೂ ಶೇ. 12, ಅಂದರೆ 1,800. ಅದರಲ್ಲಿ ಶೇ. 8.33, ಅಂದರೆ 1,250, ಪಿಂಚಣಿ ಖಾತೆಗೆ ಹೋಗುತ್ತದೆ. ಉಳಿದ 550 ಮಾತ್ರ ನೌಕರರ ಪಿ.ಎಫ್.ಗೆ. ಪಾಸ್‌ಬುಕ್ಕಿನಲ್ಲಿ ಮಾಲೀಕರ ಪಾಲು ಕಡಿಮೆ ಕಾಣುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಹುಡುಗರು ಇದನ್ನು ನೋಡಿ ಸಂಶಯಪಟ್ಟದ್ದುಂಟು. ಇದರ ಮೇಲೆ ವಿಮೆಗೆ ಶೇ. 0.5, ಅಂದರೆ 75. ಆಡಳಿತ ವೆಚ್ಚ ಶೇ. 0.5, ಅಂದರೆ 75 (ಇಡೀ ಹೋಟೆಲಿಗೆ ತಿಂಗಳಿಗೆ ಕನಿಷ್ಠ 500). ಇ.ಎಸ್.ಐ. ನಮ್ಮ ಪಾಲು ಶೇ. 3.25, ಅಂದರೆ 585.

ಅದೇ ಜೂನ್ 30ರಂದು:

ಪಿ.ಎಫ್. ಮಾಲೀಕರ ಪಾಲಿನ ಖರ್ಚು — ಡೆಬಿಟ್ 1,950
ಇ.ಎಸ್.ಐ. ಮಾಲೀಕರ ಪಾಲಿನ ಖರ್ಚು — ಡೆಬಿಟ್ 585
ಪಿ.ಎಫ್. ಬಾಕಿ — ಕ್ರೆಡಿಟ್ 1,950
ಇ.ಎಸ್.ಐ. ಬಾಕಿ — ಕ್ರೆಡಿಟ್ 585

ಈಗ ಲೆಕ್ಕ ನೋಡಿ. ಕೈಗೆ ಕೊಡುವುದು 13,915. ಆದರೆ ಆ ಅಡಿಗೆಯವರಿಗೆ ನಮ್ಮ ನಿಜವಾದ ಖರ್ಚು 18,000ಕ್ಕೆ 2,535 ಸೇರಿ 20,535. ಪ್ಲೇಟಿನ ರೇಟು ಹಾಕುವಾಗ, ಮದುವೆ ಕೇಟರಿಂಗಿನ ಕೊಟೇಷನ್ ಕೊಡುವಾಗ ಈ 20,535 ತೆಗೆದುಕೊಳ್ಳಬೇಕು. ಕೈಗೆ ಕೊಟ್ಟದ್ದನ್ನೇ ಸಂಬಳ ಎಂದುಕೊಂಡವರು ಒಬ್ಬರಿಗೆ ತಿಂಗಳಿಗೆ ಆರು ಸಾವಿರದಷ್ಟು ಕಡಿಮೆ ಲೆಕ್ಕ ಹಾಕಿ ರೇಟು ಒಪ್ಪಿಕೊಂಡಿರುತ್ತಾರೆ.

ನಮ್ಮ ಪಾಲನ್ನೂ ನೌಕರರ ಸಂಬಳದಲ್ಲೇ ಹಿಡಿಯುವ ಪದ್ಧತಿ ಕೆಲವು ಕಡೆ ಇದೆ. ನೌಕರರು ಒಪ್ಪಿ ಸಹಿ ಹಾಕಿದರೂ ಪಿ.ಎಫ್. ಯೋಜನೆ ಅದನ್ನು ಒಪ್ಪುವುದಿಲ್ಲ. ಹಾಗೆಯೇ ಒಂದು ತಿಂಗಳು ನೌಕರರ ಪಾಲು ಹಿಡಿಯಲು ಮರೆತರೆ, ಅದನ್ನು ಮುಂದಿನ ತಿಂಗಳ ಸಂಬಳದಲ್ಲಿ ಎರಡರಷ್ಟು ಹಿಡಿಯುವ ಹಕ್ಕು ಸಾಮಾನ್ಯವಾಗಿ ನಮಗಿಲ್ಲ. ಮರೆತದ್ದು ನಮ್ಮ ತಲೆಯ ಮೇಲೆಯೇ.

ಹೋಟೆಲಿನವರಿಗೆ ಮಾತ್ರ ಬರುವ ಒಂದು ಪ್ರಶ್ನೆ ಊಟದ್ದು. 1952ರ ಪಿ.ಎಫ್. ಕಾಯಿದೆಯಲ್ಲಿ ಊಟದ ರಿಯಾಯಿತಿಯ ನಗದು ಬೆಲೆಯನ್ನು ತುಟ್ಟಿಭತ್ಯೆಗೆ ಸೇರಿಸಿ ಪಿ.ಎಫ್. ಲೆಕ್ಕ ಹಾಕಬೇಕೆಂದು ಇತ್ತು. 21 ನವೆಂಬರ್ 2025ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ವಸ್ತುವಿನ ರೂಪದಲ್ಲಿ ಕೊಟ್ಟದ್ದು ಒಟ್ಟು ಸಂಬಳದ ಶೇ. 15 ಮೀರದಷ್ಟು ಸಂಬಳವೆಂದೇ ಲೆಕ್ಕ. ಮೇಲಿನ ಅಡಿಗೆಯವರ ನಗದು ಸಂಬಳವೇ 15,000 ದಾಟಿರುವುದರಿಂದ ಅವರ ಪಿ.ಎಫ್. ಬದಲಾಗುವುದಿಲ್ಲ. 15,000ಕ್ಕಿಂತ ಕಡಿಮೆ ಸಂಬಳದ ಕ್ಲೀನರ್, ಸಪ್ಲೈಯರ್ ಹುಡುಗರ ವಿಷಯದಲ್ಲಿ ಮಾತ್ರ ಆಡಿಟರನ್ನು ಕೇಳಿ ಒಂದು ಬೆಲೆ ನಿಗದಿ ಮಾಡಿ ಸಂಬಳದ ಪಟ್ಟಿಯಲ್ಲಿ ತೋರಿಸುವುದು ಕ್ಷೇಮ.

ಟಿ.ಡಿ.ಎಸ್.: ಇದು ಕೊಟ್ಟ ದಿನದ ಲೆಕ್ಕ

ನಮ್ಮಲ್ಲಿ ಹೆಚ್ಚಿನವರ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. 2025-26ರ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12,75,000ದವರೆಗೆ ಬರೀ ಸಂಬಳ ಇರುವವರಿಗೆ ತೆರಿಗೆ ಇಲ್ಲ. ಆದರೆ ದೊಡ್ಡ ಕೇಟರಿಂಗ್ ನಡೆಸುವವರಲ್ಲಿ ಮುಖ್ಯ ಶೆಫ್ ಅಥವಾ ಮ್ಯಾನೇಜರ್ ಆ ಮಟ್ಟಕ್ಕೆ ಬರುವುದುಂಟು.

ತಿಂಗಳಿಗೆ 1,20,000 ಸಂಬಳದ ಮ್ಯಾನೇಜರ್ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 14,40,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 13,65,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40,000. ಉಳಿದ 1,65,000ಕ್ಕೆ ಶೇ. 15ರಂತೆ 24,750. ಒಟ್ಟು 84,750. ಶೇ. 4 ಸೆಸ್ 3,390 ಸೇರಿ 88,140. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,345. ವರ್ಷದ ಕೊನೆಗೆ ಒಟ್ಟಿಗೆ ಹಿಡಿಯುವುದಲ್ಲ, ಪ್ರತಿ ತಿಂಗಳೂ ಇಷ್ಟು ಹಿಡಿಯಬೇಕು. ನಡುವೆ ಬೋನಸ್ ಕೊಟ್ಟರೆ ವರ್ಷದ ಲೆಕ್ಕ ಮತ್ತೆ ಹಾಕಿ ಉಳಿದ ತಿಂಗಳುಗಳಿಗೆ ಹಂಚಬೇಕು.

ಇವರು ಮೊದಲಿನಿಂದ ಪಿ.ಎಫ್. ಸದಸ್ಯರು, ಹಿಡಿಯುವುದು ಅದೇ 1,800. ವೃತ್ತಿ ತೆರಿಗೆ 200. ಇ.ಎಸ್.ಐ. ಇಲ್ಲ. ಜೂನ್ 30ರಂದು ಸಂಬಳ ಖರ್ಚಿಗೆ 1,20,000 ಹಾಕಿ, ಪಿ.ಎಫ್. ಬಾಕಿಗೆ 1,800, ವೃತ್ತಿ ತೆರಿಗೆ ಬಾಕಿಗೆ 200, ಸಂಬಳ ಬಾಕಿಗೆ 1,18,000 ಹಾಕಬೇಕು. ಟಿ.ಡಿ.ಎಸ್. ಇನ್ನೂ ಬರೆಯಬಾರದು. ಏಕೆಂದರೆ ಸಂಬಳದ ಮೇಲಿನ ಟಿ.ಡಿ.ಎಸ್. ಹಿಡಿಯಬೇಕಾದದ್ದು ಸಂಬಳ ಕೊಡುವ ದಿನ. ನಾವು ಜುಲೈ 5ರಂದು ಕೊಟ್ಟರೆ ಅವತ್ತಿನ ಸಾಲು:

ಸಂಬಳ ಬಾಕಿ — ಡೆಬಿಟ್ 1,18,000
ಟಿ.ಡಿ.ಎಸ್. ಬಾಕಿ — ಕ್ರೆಡಿಟ್ 7,345
ಬ್ಯಾಂಕ್ — ಕ್ರೆಡಿಟ್ 1,10,655

ಪಾಲುದಾರಿಕೆ ಹೋಟೆಲುಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಪಾಲುದಾರರು ತಿಂಗಳಿಗೆ ತೆಗೆದುಕೊಳ್ಳುವುದನ್ನು ನೌಕರರ ಸಂಬಳದ ಪಟ್ಟಿಯಲ್ಲೇ ಸೇರಿಸಿಬಿಡುತ್ತಾರೆ. ಅದು ಆದಾಯ ತೆರಿಗೆಗೆ ಸಂಬಳವಲ್ಲ. ಅದರ ಟಿ.ಡಿ.ಎಸ್. ಬೇರೆ, 1 ಏಪ್ರಿಲ್ 2025ರಿಂದ ವರ್ಷಕ್ಕೆ 20,000 ಮೀರಿದರೆ ಶೇ. 10. ಅದಕ್ಕೆ ಬೇರೆ ಖಾತೆ ಇಡಿ.

ಕಟ್ಟಿದ ದಿನ: ಬಾಕಿ ಸೊನ್ನೆಯಾಗಬೇಕು

ಜೂನ್ ಸಂಬಳದ ವೃತ್ತಿ ತೆರಿಗೆ ನಮ್ಮ ತೆಲಂಗಾಣದಲ್ಲಿ ಜುಲೈ 10ರೊಳಗೆ. ಪಿ.ಎಫ್. ಮತ್ತು ಇ.ಎಸ್.ಐ. ಜುಲೈ 15ರೊಳಗೆ. ಟಿ.ಡಿ.ಎಸ್. ಹಿಡಿದದ್ದು ಜುಲೈ ತಿಂಗಳಲ್ಲಾದ್ದರಿಂದ ಆಗಸ್ಟ್ 7ರೊಳಗೆ. ಜೂನ್ 30ರಂದೇ ಸಂಬಳ ಕೊಟ್ಟಿದ್ದರೆ ಜುಲೈ 7. ಹಿಡಿದು ತಡವಾಗಿ ಕಟ್ಟಿದರೆ ತಿಂಗಳಿಗೆ ಶೇ. 1.5 ಬಡ್ಡಿ. ಮಾರ್ಚಿನಲ್ಲಿ ಹಿಡಿದದ್ದಕ್ಕೆ ಏಪ್ರಿಲ್ 30ರವರೆಗೆ ಸಮಯ.

ಅಡಿಗೆಯವರ ಲೆಕ್ಕದಲ್ಲಿ ಪಿ.ಎಫ್. ಬಾಕಿ 1,800 ಮತ್ತು 1,950 ಸೇರಿ 3,750. ಇ.ಎಸ್.ಐ. ಬಾಕಿ 720. ವೃತ್ತಿ ತೆರಿಗೆ 150. ಚಲನ್ ಕಟ್ಟಿದ ದಿನ ಆಯಾ ಬಾಕಿ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಅಷ್ಟೇ. ಆ ದಿನ ಖರ್ಚಿನ ಖಾತೆಯನ್ನು ಮುಟ್ಟಬಾರದು. ಖರ್ಚು ಜೂನ್ 30ರಂದೇ ಬಿದ್ದಾಗಿದೆ. ಮತ್ತೆ ಖರ್ಚು ಎಂದು ಬರೆದರೆ ಎರಡು ಸಲ ಆಗುತ್ತದೆ.

ಟ್ಯಾಲಿ ಉಪಯೋಗಿಸುವವರು ಬಾಕಿ ಖಾತೆಗಳನ್ನೆಲ್ಲ `Current Liabilities` ಗುಂಪಿನಲ್ಲಿ ತೆರೆಯಿರಿ. 30ರ ಸಾಲುಗಳು `F7` ಜರ್ನಲ್‌ನಲ್ಲಿ, ಹಣ ಕೊಟ್ಟದ್ದು ಮತ್ತು ಚಲನ್ ಕಟ್ಟಿದ್ದು `F5` ಪೇಮೆಂಟ್‌ನಲ್ಲಿ. ಹುಡುಗರು ಅನೇಕ ಕಡೆ ಎಲ್ಲವನ್ನೂ `F5`ನಲ್ಲೇ ಒತ್ತಿಬಿಡುತ್ತಾರೆ. ಆಗ ನನ್ನ ಹಳೆಯ ತಪ್ಪೇ ಕಂಪ್ಯೂಟರಿನಲ್ಲಿ ಮುಂದುವರಿಯುತ್ತದೆ.

ಸರಿಯಾಗಿದೆಯೇ ಎಂದು ತಿಳಿಯುವ ಉಪಾಯ ಸುಲಭ. ಪ್ರತಿ ತಿಂಗಳು 16ನೇ ತಾರೀಕು ಪಿ.ಎಫ್., ಇ.ಎಸ್.ಐ., ವೃತ್ತಿ ತೆರಿಗೆಯ ಬಾಕಿ ಖಾತೆಗಳನ್ನು ತೆರೆದು ನೋಡಿ. ಮೂರೂ ಸೊನ್ನೆ ಇರಬೇಕು. ಕ್ರೆಡಿಟ್ ಉಳಿದಿದ್ದರೆ ಯಾವುದೋ ಚಲನ್ ಕಟ್ಟಿಲ್ಲ. ಡೆಬಿಟ್ ಕಂಡರೆ ಹಿಡಿದದ್ದಕ್ಕಿಂತ ಹೆಚ್ಚು ಕಟ್ಟಿದ್ದೀರಿ, ಇಲ್ಲವೇ ಯಾರದೋ ಸಂಬಳದ ಸಾಲು ಬರೆದಿಲ್ಲ. ಒಂದೆರಡು ರೂಪಾಯಿ ಉಳಿದರೆ ಅದು ಪೂರ್ಣಾಂಕ ಮಾಡಿದ ವ್ಯತ್ಯಾಸ, ಇ.ಎಸ್.ಐ.ಯಲ್ಲಿ ಪೈಸೆಯನ್ನು ಮೇಲಿನ ರೂಪಾಯಿಗೆ ಏರಿಸಬೇಕು. ಟಿ.ಡಿ.ಎಸ್. ಬಾಕಿಯನ್ನು 8ನೇ ತಾರೀಕು ನೋಡಿ. ಹಿಂದಿನ ತಿಂಗಳು ಹಿಡಿದದ್ದು ಉಳಿದಿರಬಾರದು.

ಲೆಕ್ಕ ಸೊನ್ನೆಯಾದರೂ ಒಂದು ಕೆಲಸ ಉಳಿಯುತ್ತದೆ. ಮೊತ್ತ ಸರಿ ಇದ್ದು, ಒಬ್ಬರ ಹಣ ಇನ್ನೊಬ್ಬರ ಯು.ಎ.ಎನ್. ಸಂಖ್ಯೆಗೆ ಹೋಗಿರಬಹುದು. ಪಿ.ಎಫ್. ರಿಟರ್ನಿನ ಹೆಸರುಗಳನ್ನು ಸಂಬಳದ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ಗುರುತು ಹಾಕಿ. ನೌಕರರಿಗೂ ಮೂರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಪಾಸ್‌ಬುಕ್ ನೋಡಲು ಹೇಳಿ.

ಒಂದು ದಿನ ತಡವಾದರೆ

ನೌಕರರ ಪಾಲು 15ರ ಬದಲು 16ಕ್ಕೆ ಕಟ್ಟಿದರೆ ಬಡ್ಡಿ ಕೆಲವು ರೂಪಾಯಿ ಮಾತ್ರ ಎಂದು ನಾನೂ ಅಂದುಕೊಂಡಿದ್ದೆ. 12 ಅಕ್ಟೋಬರ್ 2022ರಂದು ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇರೆಯೇ ಹೇಳಿತು. 1961ರ ಆದಾಯ ತೆರಿಗೆ ಕಾಯಿದೆಯಂತೆ, ನೌಕರರಿಂದ ಹಿಡಿದ ಹಣ ಮಾಲೀಕರ ಆದಾಯ. ಆಯಾ ನಿಧಿಯ ಗಡುವಿನೊಳಗೆ ಕಟ್ಟಿದರೆ ಮಾತ್ರ ಅದನ್ನು ಕಳೆಯಬಹುದು. ರಿಟರ್ನ್ ಹಾಕುವ ಮೊದಲು ಕಟ್ಟಿದ್ದೇನೆ ಎಂದರೆ ನಡೆಯುವುದಿಲ್ಲ.

ಇಪ್ಪತ್ತು ಜನರ 1,800ರಂತೆ 36,000 ರೂಪಾಯಿ ಒಂದು ದಿನ ತಡವಾದರೆ, ಆ 36,000 ನಮ್ಮ ಆದಾಯಕ್ಕೆ ಸೇರುತ್ತದೆ. ಪಾಲುದಾರಿಕೆ ಸಂಸ್ಥೆಗೆ ಶೇ. 30 ತೆರಿಗೆ ಮತ್ತು ಸೆಸ್ ಸೇರಿ 11,232 ರೂಪಾಯಿ. ಒಂದು ದಿನಕ್ಕೆ! 2025-26ರ ಹಣಕಾಸು ವರ್ಷದವರೆಗಿನ ಲೆಕ್ಕಕ್ಕೆ ಇದೇ ನಿಯಮ. 1 ಏಪ್ರಿಲ್ 2026ರಿಂದ ಹೊಸ ಆದಾಯ ತೆರಿಗೆ ಕಾಯಿದೆಯಾದ್ದರಿಂದ ಮುಂದಿನ ವರ್ಷಗಳದ್ದನ್ನು ಆಡಿಟರ ಹತ್ತಿರ ಕೇಳಿಕೊಳ್ಳಿ. ಪಿ.ಎಫ್.ನ ಗಡುವು, ಬಡ್ಡಿ, ದಂಡ ಹೇಗೂ ಬೇರೆಯೇ ಇವೆ.

ನಾನು ಈಗ ಸಂಬಳ ಕೊಟ್ಟ ದಿನವೇ ಬಾಕಿ ಖಾತೆಗಳ ಮೊತ್ತವನ್ನು ಇನ್ನೊಂದು ಬ್ಯಾಂಕ್ ಖಾತೆಗೆ ಹಾಕಿಬಿಡುತ್ತೇನೆ. ಆ ಖಾತೆಯಿಂದ ಚಲನ್ ಬಿಟ್ಟು ಬೇರೆ ಏನೂ ಕಟ್ಟುವುದಿಲ್ಲ. ದಿನಸಿಯವರು ಬಾಗಿಲಲ್ಲಿ ನಿಂತರೂ ಆ ಹಣ ಕಣ್ಣಿಗೆ ಬೀಳುವುದಿಲ್ಲ. ಶೇಕಡಾವಾರು, ಮಿತಿಗಳು ಮುಂದೆ ಬದಲಾಗಬಹುದು. ಪೂರ್ತಿ ಸಂಬಳ ಖರ್ಚಿಗೆ, ಹಿಡಿದದ್ದು ಬಾಕಿಗೆ, ಕಟ್ಟಿದಾಗ ಬಾಕಿ ಸೊನ್ನೆಗೆ ಎಂಬ ಕ್ರಮ ಬದಲಾಗುವುದಿಲ್ಲ.

ಭಟ್ಟರ ಎರಡು ತಿಂಗಳ ಹಣ ಅವರ ಖಾತೆಗೆ ಜಮಾ ಆದ ದಿನ ಅವರೇ ಫೋನು ಮಾಡಿದರು. "ಬಂತು ಧಣಿ" ಎಂದರು. ಈಗಲೂ ಮದುವೆ ಸೀಸನ್ನಿಗೆ ಕರೆದರೆ ಬರುತ್ತಾರೆ.